ಮೊದಲು ಬೈಕು, ಕೊನೆಗೆ ಯಂತ್ರ

2008ರ ದೀಪಾವಳಿ ಮುಗಿದು ಎರಡು ವಾರ ಆಗಿತ್ತು. ಪೀಣ್ಯ ಎರಡನೇ ಹಂತದಲ್ಲಿದ್ದ ನಮ್ಮ ಭಾವನ ವರ್ಕ್‌ಶಾಪಿಗೆ ಹೋದಾಗ ಹೊರಗೆ ಗುಜರಿಯವನ ಟೆಂಪೊ ನಿಂತಿತ್ತು. ಲೇತ್‌ಗಳಲ್ಲಿ ಕಬ್ಬಿಣ ಕಡೆಯುವಾಗ ಉದುರುವ ಸುರುಳಿ ಸಿಪ್ಪೆಯನ್ನು ಅವನು ವಾರಕ್ಕೊಮ್ಮೆ ಬಂದು ತೂಕಕ್ಕೆ ಕೊಂಡೊಯ್ಯುತ್ತಿದ್ದ. ಅವತ್ತು ಸಿಕ್ಕಿದ್ದು ಒಂದೂವರೆ ಮೂಟೆ. "ಇದ್ರಲ್ಲಿ ಡೀಸೆಲ್ ದುಡ್ಡೂ ಹುಟ್ಟಲ್ಲ ಸಾರ್, ಇನ್ಮೇಲೆ ತಿಂಗಳಿಗೊಂದ್ಸಲ ಬರ್ತೀನಿ" ಅಂದ. ಭಾವ ಉತ್ತರ ಕೊಡಲಿಲ್ಲ.

ಅವರದು ಜಾಬ್‌ವರ್ಕ್. ಎರಡು ಕಡೆಯಿಂದ ಕೆಲಸ ಬರುತ್ತಿತ್ತು. ಒಂದು, ಲಾರಿ ಆಕ್ಸಲ್‌ಗೆ ಹೋಗುವ ಬುಷ್ಷುಗಳು. ಇನ್ನೊಂದು, ಬೈಕಿನ ಎಂಜಿನ್ನಿಗೆ ಹೋಗುವ ಸಣ್ಣ ಶಾಫ್ಟು. ಎರಡಕ್ಕೂ ಕಂಪನಿಗಳಿಂದ 'ಶೆಡ್ಯೂಲ್' ಎಂಬ ಹಾಳೆ ಬರುತ್ತದೆ. ಮುಂದಿನ ಇಂತಿಷ್ಟು ವಾರಗಳಲ್ಲಿ ಇಂತಿಷ್ಟು ಪೀಸು ಕಳಿಸಿ ಎಂಬ ಲೆಕ್ಕ ಅದು. ಲಾರಿಯ ಹಾಳೆ ತೋರಿಸಿದರು. ನಾಲ್ಕು ವಾರದ ನಾಲ್ಕು ಮನೆಗಳಲ್ಲೂ ಸೊನ್ನೆ. ಬೈಕಿನ ಹಾಳೆಯಲ್ಲಿ ಅಂಕಿ ಕೊಂಚ ಇಳಿದಿತ್ತು, ಅಷ್ಟೆ. ಒಂದೇ ಶೆಡ್ಡಿನ ಒಂದು ಮೂಲೆಯ ಯಂತ್ರಗಳಿಗೆ ಗೋಣಿ ಹೊದಿಸಿತ್ತು, ಇನ್ನೊಂದು ಮೂಲೆಯಲ್ಲಿ ಕೂಲಂಟ್ ನೀರು ಚಿಮ್ಮುತ್ತಿತ್ತು.

ಷೇರುಪೇಟೆಯವರು 'ಸೆಕ್ಟರ್ ರೊಟೇಶನ್' ಎಂದು ದೊಡ್ಡ ಹೆಸರಿಟ್ಟು ಕರೆಯುವುದು ಆ ಶೆಡ್ಡಿನಲ್ಲಿ ಕಂಡದ್ದನ್ನೇ. ದೇಶದ ಆರ್ಥಿಕತೆ ಒಟ್ಟಿಗೇ ಮಲಗುವುದೂ ಇಲ್ಲ, ಒಟ್ಟಿಗೇ ಏಳುವುದೂ ಇಲ್ಲ. ಕೆಲವು ಉದ್ಯಮಗಳು ಮೊದಲು ಏಳುತ್ತವೆ, ಕೆಲವು ಎಲ್ಲರೂ ಎದ್ದ ಮೇಲೆ ಕಣ್ಣುಜ್ಜಿಕೊಂಡು ಬರುತ್ತವೆ. ಕೆಲವಕ್ಕೆ ನಿದ್ದೆಯೇ ಕಡಿಮೆ. ಈ ಸರದಿ ಹಿಡಿದು ಹೂಡಿಕೆಯ ಹಣವನ್ನು ಒಂದು ವಲಯದಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗಬಹುದು ಎಂಬುದು ಆ ಹೆಸರಿನ ಹಿಂದಿರುವ ಆಸೆ. ಆಸೆ ಎಷ್ಟು ಫಲಿಸುತ್ತದೆ ಎಂಬ ಮಾತು ಆಮೇಲೆ. ಸರದಿ ಯಾಕೆ ಹುಟ್ಟುತ್ತದೆ ಎಂದು ತಿಳಿಯಲು ನಮ್ಮ ದೇಶದಲ್ಲೇ ಒಂದು ಪೂರ್ತಿ ಸುತ್ತು ಕಾಣಸಿಗುತ್ತದೆ. ಅದು 2008ರ ಜನವರಿಯಲ್ಲಿ ಶುರುವಾಗಿ 2012ರ ಹೊತ್ತಿಗೆ ಮುಗಿಯುತ್ತದೆ.

ಆ ಜನವರಿಯಲ್ಲಿ ನಾನೂ ಒಂದು ದಡ್ಡತನ ಮಾಡಿದ್ದೆ. ಆಗ ಎಲ್ಲರ ಬಾಯಲ್ಲೂ 'ಇನ್‌ಫ್ರಾ'. ರಸ್ತೆ, ಬಂದರು, ವಿದ್ಯುತ್ ಸ್ಥಾವರ ಕಟ್ಟುವ ಕಂಪನಿಗಳ ಷೇರು ನಾಲ್ಕು ವರ್ಷದಿಂದ ಏರುತ್ತಲೇ ಇದ್ದವು. ರಿಲಯನ್ಸ್ ಪವರ್‌ನ ಐಪಿಒಗೆ ಎಪ್ಪತ್ತು ಪಟ್ಟಿಗೂ ಮಿಕ್ಕಿ ಅರ್ಜಿ ಬಿದ್ದ ತಿಂಗಳು ಅದು. ಆಗ ಆ ಕಂಪನಿಯ ಕೈಯಲ್ಲಿದ್ದದ್ದು ಬಹುಪಾಲು ಯೋಜನೆಗಳೇ. ನನ್ನ ಪಾಲಿಗೆ ಒಂದು ಮ್ಯೂಚುವಲ್ ಫಂಡ್‌ನ ಹೊಸ ಇನ್‌ಫ್ರಾ ಯೋಜನೆ ಬಂತು. ಯೂನಿಟ್ಟಿಗೆ ಹತ್ತು ರೂಪಾಯಿ. ಫಾರಂ ತಂದವರು ಮನೆ ಬಾಗಿಲಿಗೇ ಬಂದು ಸಹಿ ಹಾಕಿಸಿಕೊಂಡರು. ಜನವರಿ 10ರಂದು ಸೆನ್ಸೆಕ್ಸ್ ದಿನದ ಮಧ್ಯೆ 21,206 ಮುಟ್ಟಿತು. ಮತ್ತೆ ಆ ಮಟ್ಟ ಕಾಣಲು ಐದು ವರ್ಷಕ್ಕೂ ಹೆಚ್ಚು ಬೇಕಾಯಿತು.

ಆ ವರ್ಷ ಸೆನ್ಸೆಕ್ಸ್ ಶೇ 52ರಷ್ಟು ಬಿತ್ತು. ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಬೀಳಲಿಲ್ಲ. ಬಿಎಸ್‌ಇಯ ರಿಯಲ್ ಎಸ್ಟೇಟ್ ಸೂಚ್ಯಂಕ ನೂರರಲ್ಲಿ ಎಂಬತ್ತರಷ್ಟು ಕರಗಿತು. ಲೋಹದ ಸೂಚ್ಯಂಕ ಮುಕ್ಕಾಲು ಪಾಲು ಹೋಯಿತು. ಯಂತ್ರ, ಟರ್ಬೈನು, ಕ್ರೇನು ತಯಾರಿಸುವ ಬಂಡವಾಳ ಸರಕಿನ ಕಂಪನಿಗಳು ಮೂರರಲ್ಲಿ ಎರಡು ಪಾಲು ಕಳೆದುಕೊಂಡವು. ಸೋಪು, ಟೂತ್‌ಪೇಸ್ಟು, ಬಿಸ್ಕತ್ತು ಮಾರುವ ಎಫ್‌ಎಂಸಿಜಿ ಸೂಚ್ಯಂಕ ಮಾತ್ರ ಶೇ 15ರ ಒಳಗೇ ನಿಂತಿತು. ವರ್ಷದ ಕೊನೆಗೆ ಬೆಲೆ ಏರಿಸಿಕೊಂಡಿದ್ದ ಬೆರಳೆಣಿಕೆಯ ದೊಡ್ಡ ಕಂಪನಿಗಳಲ್ಲಿ ಎರಡು, ಹಿಂದುಸ್ತಾನ್ ಯೂನಿಲಿವರ್ ಮತ್ತು ಹೀರೊ ಹೊಂಡಾ. ಒಂದು ಸೋಪು, ಇನ್ನೊಂದು ಬೈಕು.

ಸೋಪು ಯಾಕೆ ಉಳಿಯಿತು ಎಂದು ಕೇಳಿದರೆ ಎಲ್ಲರೂ, ಕಷ್ಟ ಬಂದರೂ ಜನ ಸ್ನಾನ ಬಿಡುವುದಿಲ್ಲ ಎನ್ನುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ ಕಂಪನಿಯ ಖರ್ಚಿನ ಪುಸ್ತಕದಲ್ಲಿದೆ.

ಭಾವನಂಥದೇ, ಆದರೆ ದೊಡ್ಡದಾದ ಒಂದು ಬಿಡಿಭಾಗದ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ 100 ಕೋಟಿ ರೂಪಾಯಿ ಮಾರಾಟ. ಉಕ್ಕು, ಕರೆಂಟು ಮುಂತಾಗಿ ಮಾರಾಟದ ಜೊತೆಗೇ ಏರಿಳಿಯುವ ಖರ್ಚು 50 ಕೋಟಿ. ಬಾಡಿಗೆ, ಸಂಬಳ, ಯಂತ್ರದ ಸಾಲದ ಬಡ್ಡಿ ಎಂದು ಒಂದು ಪೀಸು ಮಾಡದಿದ್ದರೂ ತಪ್ಪದ ಖರ್ಚು 40 ಕೋಟಿ. ಉಳಿದ ಲಾಭ 10 ಕೋಟಿ. ಈಗ ಮಾರಾಟ 80 ಕೋಟಿಗೆ ಇಳಿಯಲಿ. ಏರಿಳಿಯುವ ಖರ್ಚು 40 ಆಗುತ್ತದೆ, ತಪ್ಪದ 40 ಹಾಗೇ ಇರುತ್ತದೆ, ಲಾಭ ಸೊನ್ನೆ. ಅದೇ ಮಾರಾಟ 120ಕ್ಕೆ ಏರಿದರೆ 60 ಮತ್ತು 40 ಕಳೆದು ಲಾಭ 20 ಕೋಟಿ. ಮಾರಾಟ ಐದನೇ ಒಂದು ಭಾಗ ಅತ್ತಿತ್ತ ಆದರೆ ಲಾಭ ಒಂದೋ ಇಲ್ಲವಾಗುತ್ತದೆ, ಇಲ್ಲವೇ ಇಮ್ಮಡಿಯಾಗುತ್ತದೆ. ಸೋಪಿನ ಕಂಪನಿಗೆ ತಪ್ಪದ ಖರ್ಚು ಕಡಿಮೆ, ಮಾರಾಟ ಅಲ್ಲಾಡುವುದೂ ನೂರಕ್ಕೆ ಮೂರೋ ನಾಲ್ಕೋ. ಹಾಗಾಗಿ ಅದರ ಲಾಭ ಬಾವಿ ನೀರಿನಂತೆ ಮೆಲ್ಲಗೆ ಏರಿಳಿದರೆ, ಬಿಡಿಭಾಗದ್ದು ಮಳೆಗಾಲದ ಹಳ್ಳ.

ಷೇರಿನ ಬೆಲೆ ಲಾಭದ ನೆರಳು ಎಂದಾದರೆ, ಸುಗ್ಗಿ ಬರುವಾಗ ಹಳ್ಳದ ಕಂಪನಿಯೂ ಬರ ಬರುವಾಗ ಬಾವಿಯ ಕಂಪನಿಯೂ ಮುಂದಿರಬೇಕು. ವಲಯಗಳ ಸರದಿಯ ಮೊದಲ ಕಾರಣ ಇದು. ಎರಡನೆಯದು ದುಡ್ಡು ಹರಿಯುವ ದಾರಿ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಮುಳುಗಿದಾಗ ನಮ್ಮ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 9 ಇತ್ತು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ತರುವ ಬಡ್ಡಿ ಅದು. ಅಕ್ಟೋಬರಿನಲ್ಲಿ ಇಳಿಸಲು ಶುರು ಮಾಡಿ ಮುಂದಿನ ಏಪ್ರಿಲ್ ಹೊತ್ತಿಗೆ ಅದನ್ನು ಶೇ 4.75ಕ್ಕೆ ತಂದರು. ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಎಕ್ಸೈಸ್ ಸುಂಕವನ್ನು ನಾಲ್ಕು ಅಂಶ ಕಡಿತ ಮಾಡಿತು, ಫೆಬ್ರುವರಿಯಲ್ಲಿ ಮತ್ತೆ ಎರಡು. ಇವೆರಡರ ಜೊತೆಗೆ, ಬಿಕ್ಕಟ್ಟಿಗೆ ಸಂಬಂಧವೇ ಇಲ್ಲದ ಎರಡು ನೀರಿನ ಕಾಲುವೆ ಅದಾಗಲೇ ತೆರೆದಿದ್ದವು. ಒಂದು ರೈತರ ಸಾಲಮನ್ನಾ. ಇನ್ನೊಂದು ಆರನೇ ವೇತನ ಆಯೋಗದ ಬಾಕಿ. ಬಾಕಿಯಲ್ಲಿ ಶೇ 40 ಆ ವರ್ಷ, ಉಳಿದ ಶೇ 60 ಮರುವರ್ಷ ಕೇಂದ್ರ ಸರ್ಕಾರಿ ನೌಕರರ ಕೈ ಸೇರಿತು.

ಈ ಹಣ ಮೊದಲು ಎಲ್ಲಿಗೆ ಹೋಗುತ್ತದೆ? ಸೇತುವೆ ಕಟ್ಟಲು ಅಲ್ಲ. ಗುಮಾಸ್ತನೊಬ್ಬನ ಕೈಗೆ ಬಾಕಿ ಬಂದರೆ ಮನೆಗೆ ಒಂದು ಬೈಕು ಬರುತ್ತದೆ. ಕಾರಿನ ಸಾಲದ ಕಂತು ತಿಂಗಳಿಗೆ ಎಂಟುನೂರು ರೂಪಾಯಿ ಇಳಿದರೆ, ಹೋದ ವರ್ಷ ಬೇಡ ಎಂದವನು ಈ ವರ್ಷ ಷೋರೂಮಿಗೆ ಕಾಲಿಡುತ್ತಾನೆ. ಬೈಕು ಕೊಳ್ಳುವ ತೀರ್ಮಾನಕ್ಕೆ ಒಂದು ಸಂಜೆ ಸಾಕು, ಹಿಂಜರಿತದಲ್ಲಿ ಮುಂದೂಡಿದ್ದವರೂ ಅದೇ ಹೊತ್ತಿಗೆ ಬಂದು ಸೇರುತ್ತಾರೆ. ಹೀರೊ ಹೊಂಡಾಕ್ಕೆ ಇನ್ನೂ ಒಂದು ಅನುಕೂಲ ಇತ್ತು. ಅದರ ಗಿರಾಕಿಗಳಲ್ಲಿ ಹಳ್ಳಿಯವರು ಹೆಚ್ಚು, ಕೈ ಹಣ ಕೊಟ್ಟು ಕೊಳ್ಳುವವರೂ ಹೆಚ್ಚು. ಬ್ಯಾಂಕು ಸಾಲ ಬಿಗಿ ಮಾಡಿದ್ದು ಅವರಿಗೆ ಅಷ್ಟಾಗಿ ತಟ್ಟಲಿಲ್ಲ. ಹಿಂಜರಿತದ ಅದೇ ಹಣಕಾಸು ವರ್ಷದಲ್ಲಿ ಅದು ಸುಮಾರು 37 ಲಕ್ಷ ಬೈಕು ಮಾರಿತು, ಮರುವರ್ಷ 46 ಲಕ್ಷ. ಭಾವನ ಶೆಡ್ಡಿನ ಬೈಕಿನ ಮೂಲೆ ನಿಲ್ಲದೆ ಓಡಿದ್ದಕ್ಕೆ ಕಾರಣ ಇಲ್ಲಿದೆ.

ಲಾರಿಯ ಕಥೆ ಬೇರೆ. ಲಾರಿಯನ್ನು ಯಾರೂ ಆಸೆಗೆ ಕೊಳ್ಳುವುದಿಲ್ಲ, ಬಾಡಿಗೆ ಹುಟ್ಟುತ್ತದೆ ಎಂಬ ಲೆಕ್ಕಕ್ಕೆ ಕೊಳ್ಳುತ್ತಾರೆ. ಅದೂ ಹೆಚ್ಚುಕಡಿಮೆ ಪೂರ್ತಿ ಸಾಲದಲ್ಲಿ. ಮಾಲಿಕನ ಹತ್ತು ಲಾರಿಯಲ್ಲಿ ಮೂರು ಟ್ರಾನ್ಸ್‌ಪೋರ್ಟ್ ಅಂಗಳದಲ್ಲಿ ನಿಂತಿದ್ದರೆ ಹನ್ನೊಂದನೆಯದು ಯಾಕೆ ಬೇಕು? ಸರಕು ಸಾಗಣೆ ನೂರಕ್ಕೆ ಹತ್ತು ಕಡಿಮೆಯಾದರೆ ಹೊಸ ಲಾರಿಯ ಬೇಡಿಕೆ ಹತ್ತು ಕಡಿಮೆಯಾಗುವುದಿಲ್ಲ, ಮಾಯವೇ ಆಗುತ್ತದೆ. 2008ರ ನವೆಂಬರಿನಲ್ಲಿ ದೇಶದ ವಾಣಿಜ್ಯ ವಾಹನ ಮಾರಾಟ ಹಿಂದಿನ ವರ್ಷದ ಅರ್ಧದಷ್ಟಕ್ಕೆ ಬಿತ್ತು. ಟಾಟಾ ಮೋಟರ್ಸ್ ತನ್ನ ಜಮ್‌ಶೆಡ್‌ಪುರದ ಕಾರ್ಖಾನೆಯನ್ನು ಕೆಲವು ದಿನ ಮುಚ್ಚಿತು. ಆ ನಾಲ್ಕು ಸೊನ್ನೆಗಳು ಪೀಣ್ಯದ ಹಾಳೆಗೆ ಬಂದದ್ದು ಇಂಥ ದಾರಿಯಲ್ಲೇ.

ಕೊನೆಯ ಕೊಂಡಿ ಯಂತ್ರದ್ದು. ಕಾರ್ಖಾನೆಯವನು ಹೊಸ ಯಂತ್ರಕ್ಕೆ ಯಾವಾಗ ಆರ್ಡರು ಕೊಡುತ್ತಾನೆ? ಇರುವ ಯಂತ್ರಗಳು ಎರಡು ಪಾಳಿ ಓಡಿ, ಮೂರನೇ ಪಾಳಿಯೂ ತುಂಬಿ, ಓಟಿ ಕೊಟ್ಟರೂ ಮಾಲು ಸಾಲದು ಎಂದಾಗ. ದೇಶದ ಕಾರ್ಖಾನೆಗಳ ಸಾಮರ್ಥ್ಯದಲ್ಲಿ ಎಷ್ಟು ಬಳಕೆಯಾಗುತ್ತಿದೆ ಎಂದು ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಸಮೀಕ್ಷೆ ಮಾಡುತ್ತದೆ. ಆ ಅಂಕಿ ಶೇ 75ರ ಆಚೆಗೆ ಹೋಗಿ ಕೆಲಕಾಲ ನಿಂತರೆ ಮಾತ್ರ ಹೊಸ ಹೂಡಿಕೆಯ ಮಾತು ಜೋರಾಗುತ್ತದೆ. ಬೈಕಿನ ಗಿರಾಕಿ ಎದ್ದ ಮೇಲೆ ಬಿಡಿಭಾಗದವನು ಏಳಬೇಕು, ಅವನು ಉಕ್ಕು ಕೊಳ್ಳಬೇಕು, ಉಕ್ಕಿನವನ ಕುಲುಮೆ ತುಂಬಬೇಕು, ಆಮೇಲೆ ಇಬ್ಬರೂ ಹೊಸ ಯಂತ್ರದ ಕೊಟೇಶನ್ ತರಿಸಬೇಕು. ಇಷ್ಟಾಗಲು ವರ್ಷವೋ ಎರಡು ವರ್ಷವೋ ಹಿಡಿಯುತ್ತದೆ. ಯಂತ್ರೋಪಕರಣ ತಯಾರಿಸುವ ಊರುಗಳಲ್ಲಿ ಬೆಂಗಳೂರು ದೊಡ್ಡದು. ಆ ಕಂಪನಿಗಳಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ, ಮಂದಿ ಮುಗಿಯಿತು ಎಂದು ಪತ್ರಿಕೆಯವರು ಬರೆದು ಬಹಳ ದಿನವಾದ ಮೇಲೂ ತಮ್ಮಲ್ಲಿ ಆರ್ಡರು ಬಂದಿರಲಿಲ್ಲ ಎನ್ನುತ್ತಾರೆ.

ಇದು ನೆಲದ ಮೇಲಿನ ಸರದಿ. ಪೇಟೆ ಇದಕ್ಕಿಂತ ಆರೆಂಟು ತಿಂಗಳು ಮುಂದೆ ಓಡುತ್ತದೆ, ಗೊಂದಲ ಹುಟ್ಟುವುದೂ ಅಲ್ಲೇ. ಸೆನ್ಸೆಕ್ಸ್ ತಳ ಮುಟ್ಟಿದ್ದು 2009ರ ಮಾರ್ಚ್ 9ರಂದು, 8,160ರಲ್ಲಿ. ಅವತ್ತಿನ ಪತ್ರಿಕೆಗಳಲ್ಲಿ ಒಳ್ಳೆಯ ಸುದ್ದಿ ಒಂದೂ ಇರಲಿಲ್ಲ. ಭಾವನ ಶೆಡ್ಡಿನಲ್ಲಿ ಗೋಣಿ ಇನ್ನೂ ತೆಗೆದಿರಲಿಲ್ಲ. ಬ್ಯಾಂಕುಗಳ ಸಾಲ ನೀಡಿಕೆಯಂತೂ ಆ ವರ್ಷದ ಕೊನೆಯ ತನಕ ಕುಂಟುತ್ತಲೇ ಇತ್ತು. ಆದರೂ 2009ರ ಕೊನೆಗೆ ಲೆಕ್ಕ ಹಾಕಿದರೆ ಸೆನ್ಸೆಕ್ಸ್ ಶೇ 81 ಏರಿತ್ತು, ಆಟೊ ಮತ್ತು ಲೋಹದ ಸೂಚ್ಯಂಕಗಳು ಎರಡೂ ಮೂರು ಪಟ್ಟು ಆಗಿದ್ದವು. ಹಿಂದಿನ ವರ್ಷದ ವೀರ ಎಫ್‌ಎಂಸಿಜಿ ಸೆನ್ಸೆಕ್ಸಿನ ಅರ್ಧದಷ್ಟೂ ಓಡಿರಲಿಲ್ಲ. ಬರದಲ್ಲಿ ಕಾಪಾಡಿದ್ದು ಸುಗ್ಗಿಯಲ್ಲಿ ಹಿಂದೆ ಬಿತ್ತು, ಅಷ್ಟೇ ವಿಷಯ.

ಲೋಹ ಇಷ್ಟು ಬೇಗ ಎದ್ದದ್ದಕ್ಕೆ ಚೀನಾ ಕಾರಣ. 2008ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ನಾಲ್ಕು ಲಕ್ಷ ಕೋಟಿ ಯುವಾನ್‌ನ ಯೋಜನೆ ಪ್ರಕಟಿಸಿತು, ಅದರಲ್ಲಿ ಬಹುಪಾಲು ರೈಲು, ರಸ್ತೆ, ಕಟ್ಟಡ. ತಾಮ್ರ, ಉಕ್ಕಿನ ಬೆಲೆಗೆ ಭಾರತದ ಗಡಿಯಿಲ್ಲ. ನಮ್ಮ ಬೈಕು ನಮ್ಮ ರೆಪೊ ದರದ ಮಾತು ಕೇಳುತ್ತದೆ, ನಮ್ಮ ಉಕ್ಕು ಬೀಜಿಂಗಿನ ಮಾತನ್ನೂ ಕೇಳುತ್ತದೆ. ಪುಸ್ತಕದ ನಕ್ಷೆಯಲ್ಲಿ ಲೋಹ, ತೈಲ ಚಕ್ರದ ಕೊನೆಯ ಭಾಗದಲ್ಲಿ ಬರಬೇಕು. ಈ ಸುತ್ತಿನ ಆರಂಭದಲ್ಲಿ ಹಾಗೇ ಆಗಿತ್ತು. ಷೇರುಪೇಟೆ 2008ರ ಜನವರಿಯಲ್ಲೇ ಶಿಖರ ಮುಟ್ಟಿ ಇಳಿಯತೊಡಗಿದ್ದರೆ, ಕಚ್ಚಾ ತೈಲ ಪೀಪಾಯಿಗೆ 147 ಡಾಲರ್ ಆದದ್ದು ಜುಲೈನಲ್ಲಿ. ಉಕ್ಕಿನ ಕಾಯಿಲ್ ಟನ್ನಿಗೆ ಸಾವಿರ ಡಾಲರ್ ದಾಟಿದ್ದೂ ಆಗಲೇ. ಪೇಟೆ ಇಳಿಯುತ್ತಿದ್ದಾಗಲೂ ಸರಕಿನ ಬೆಲೆ ಏರುತ್ತಿದ್ದ ಆ ಆರು ತಿಂಗಳು, ಚಕ್ರದ ಕೊನೆಯ ಗುರುತು. ಬೇಡಿಕೆಯ ಕೊನೆಯ ಉಬ್ಬರ ಕಚ್ಚಾ ಮಾಲಿನ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ, ಬೆಲೆ ಏರಿಕೆ ತಡೆಯಲು ಬಡ್ಡಿ ಇನ್ನೂ ಏರುತ್ತಿರುತ್ತದೆ, ಆ ಬಡ್ಡಿಯೇ ಬೈಕು ಕಾರಿನವನನ್ನು ಮೊದಲು ಮಲಗಿಸುತ್ತದೆ.

ಎರಡನೇ ಅರ್ಧದಲ್ಲಿ ಇದೇ ನಡೆಯಿತು. 2010ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕು ರೆಪೊ ದರ ಏರಿಸಲು ಶುರು ಮಾಡಿತು. ಹದಿಮೂರು ಸಲ ಏರಿಸಿ 2011ರ ಅಕ್ಟೋಬರಿನಲ್ಲಿ ಶೇ 8.5ಕ್ಕೆ ನಿಂತಿತು. ರಿಯಲ್ ಎಸ್ಟೇಟ್ ಮತ್ತು ಬಂಡವಾಳ ಸರಕಿನ ಕಂಪನಿಗಳ ತಲೆ ಮೇಲೆ ಸಾಲದ ಹೊರೆ ಇತ್ತು, ಬಡ್ಡಿ ಒಂದೊಂದು ಅಂಶ ಏರಿದಾಗಲೂ ಲಾಭದಿಂದಲೇ ಹೋಗುತ್ತಿತ್ತು. 2012ರ ಕೊನೆಯಲ್ಲಿ ನೋಡಿದರೆ ಸೆನ್ಸೆಕ್ಸ್ 2009ರ ಕೊನೆಗಿಂತ ಶೇ 11ರಷ್ಟೇ ಮೇಲಿತ್ತು. ರಿಯಲ್ ಎಸ್ಟೇಟ್, ಬಂಡವಾಳ ಸರಕು ಎರಡೂ ಮೂರು ವರ್ಷದ ಹಿಂದಿಗಿಂತ ಕೆಳಗೆ. ಸೋಪು ಬಿಸ್ಕತ್ತಿನ ಸೂಚ್ಯಂಕ ಇಮ್ಮಡಿಗೂ ಮೇಲೆ. ನನ್ನ ಇನ್‌ಫ್ರಾ ಫಂಡಿನ ಹತ್ತು ರೂಪಾಯಿ ಯೂನಿಟ್ಟು ಆ ಡಿಸೆಂಬರಿನಲ್ಲೂ ಹತ್ತಾಗಿರಲಿಲ್ಲ.

ಈ ಅವಧಿಯಲ್ಲೇ ನಮ್ಮ ರಾಜ್ಯದಲ್ಲಿ ಚಕ್ರದ ಲೆಕ್ಕಕ್ಕೆ ಸಿಗದ ಒಂದು ಘಟನೆ ನಡೆಯಿತು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತರ ವರದಿ ಬಂದ ಎರಡು ದಿನಕ್ಕೆ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಅದಿರು ಸಾಲದೆ ಉತ್ಪಾದನೆ ತಗ್ಗಿಸಬೇಕಾಯಿತು. ಉಕ್ಕಿಗೆ ಒಳ್ಳೆಯ ಕಾಲ ಬರುತ್ತದೆ ಎಂದು ಚಕ್ರ ನೋಡಿ ಲೆಕ್ಕ ಹಾಕಿದವನಿಗೂ ಈ ತೀರ್ಪಿನ ಸುಳಿವು ಸಿಕ್ಕಿರಲಾರದು. ವಲಯ ಸರಿಯಾಗಿ ಆರಿಸಿ ಕಂಪನಿಯಲ್ಲಿ ಎಡವುವುದು ಎಂದರೆ ಹೀಗೆ.

ಯಾವ ವಲಯ ಮುಂದೆ ಬರುತ್ತಿದೆ ಎಂದು ತಿಳಿಯಲು ಪೇಟೆಯವರು ಬಳಸುವ ಒಂದು ಸರಳ ಉಪಾಯ ಇದೆ, ಮನೆಯಲ್ಲೇ ಮಾಡಬಹುದು. ವಲಯದ ಸೂಚ್ಯಂಕವನ್ನು ನಿಫ್ಟಿಯಿಂದ ಭಾಗಿಸಿ, ತಿಂಗಳಿಗೊಮ್ಮೆ ಬರೆದಿಡಿ. ಆಟೊ ಸೂಚ್ಯಂಕ 10,000, ನಿಫ್ಟಿ 20,000 ಎಂದುಕೊಂಡರೆ ಉತ್ತರ 0.50. ಮರುತಿಂಗಳು ಪೇಟೆ ಬಿದ್ದು ಆಟೊ 9,700ಕ್ಕೂ ನಿಫ್ಟಿ 18,600ಕ್ಕೂ ಇಳಿದರೆ ಉತ್ತರ 0.52. ಬೆಲೆ ಇಳಿದಿದೆ, ಆದರೆ ವಲಯ ಬಲವಾಗಿದೆ. ಬೀಳುವ ಪೇಟೆಯಲ್ಲಿ ಕಡಿಮೆ ಬೀಳುವವನೇ ಏಳುವಾಗ ಮೊದಲಿಗನಾಗುವುದು ಹಲವು ಸಲ ಕಂಡಿದೆ. ಸೋಪಿನ ಕಂಪನಿಗಳೂ ಕಡಿಮೆಯೇ ಬೀಳುತ್ತವೆ ನಿಜ. ಸಾಲದ ಬಡ್ಡಿಗೆ ಅಂಟಿಕೊಂಡ ವಲಯವೊಂದು ಅವುಗಳ ಜೊತೆ ಹೆಜ್ಜೆ ಹಾಕತೊಡಗಿದರೆ ಆಗ ಕಿವಿ ನಿಮಿರಬೇಕು.

ಇನ್ನು ಮೋಸ ಹೋಗುವ ಜಾಗಗಳು. ವಾಹನ ಕಂಪನಿಗಳು ಪ್ರತಿ ತಿಂಗಳ ಒಂದನೇ ತಾರೀಖು 'ಮಾರಾಟ' ಎಂದು ಪ್ರಕಟಿಸುವುದರಲ್ಲಿ ಬಹುಪಾಲು ಡೀಲರನಿಗೆ ಕಳಿಸಿದ ಗಾಡಿಗಳ ಲೆಕ್ಕ. ಗಿರಾಕಿ ಕೊಂಡದ್ದು ತಿಳಿಯಬೇಕಾದರೆ ಆರ್‌ಟಿಒಗಳಲ್ಲಿ ನೋಂದಣಿಯಾದ ಸಂಖ್ಯೆ ನೋಡಬೇಕು, 'ವಾಹನ್' ಜಾಲತಾಣದಲ್ಲಿ ಸಿಗುತ್ತದೆ. ಕಳಿಸಿದ್ದು ಹೆಚ್ಚು, ನೋಂದಣಿ ಕಡಿಮೆ ಎಂದು ನಾಲ್ಕಾರು ತಿಂಗಳು ನಡೆದರೆ ಗಾಡಿಗಳು ಡೀಲರನ ಅಂಗಳದಲ್ಲಿ ಬಿಸಿಲು ಕಾಯುತ್ತಿವೆ ಎಂದರ್ಥ. ಡೀಲರುಗಳ ಒಕ್ಕೂಟದ ಪ್ರಕಾರ 21 ದಿನದ ದಾಸ್ತಾನು ಹಿತ. ಅದು ದುಪ್ಪಟ್ಟಾದರೆ ಪೀಣ್ಯದ ಶೆಡ್ಯೂಲ್ ಹಾಳೆಗೆ ಸೊನ್ನೆ ಬರುವ ದಿನ ದೂರವಿಲ್ಲ.

ಇದಕ್ಕಿಂತ ಕೆಟ್ಟ ಬಲೆ ಅಗ್ಗದ್ದು. ಷೇರಿನ ಬೆಲೆಯನ್ನು ಒಂದು ಷೇರಿನ ವಾರ್ಷಿಕ ಲಾಭದಿಂದ ಭಾಗಿಸಿ ಬರುವ ಪಿಇ ಅನುಪಾತ ಕಡಿಮೆಯಿದ್ದರೆ ಷೇರು ಅಗ್ಗ ಎಂಬ ಪಾಠ ಎಲ್ಲರಿಗೂ ಬರುತ್ತದೆ. ಸೋಪಿನ ಕಂಪನಿಗೆ ಈ ಪಾಠ ನಡೆಯಬಹುದು. ಉಕ್ಕಿಗೆ ತಲೆಕೆಳಗಾಗಿ ಓದಬೇಕು. 2021-22ರಲ್ಲಿ ಟಾಟಾ ಸ್ಟೀಲ್ ಸುಮಾರು 41 ಸಾವಿರ ಕೋಟಿ ರೂಪಾಯಿ ಲಾಭ ಗಳಿಸಿತು. ಆಗ ಅದರ ಪಿಇ ನಾಲ್ಕರ ಆಸುಪಾಸು. ನಾಲ್ಕು ವರ್ಷದ ಲಾಭಕ್ಕೆ ಇಡೀ ಕಂಪನಿ ಎಂದು ಜನ ಮುಗಿಬಿದ್ದರು. 2022ರ ಮೇ 21ರಂದು ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿನ ರಫ್ತಿನ ಮೇಲೆ ಶೇ 15ರ ಸುಂಕ ಹಾಕಿತು. ಮುಂದಿನ ವಹಿವಾಟಿನ ದಿನ ಉಕ್ಕಿನ ಷೇರುಗಳು ಒಂದೇ ಏಟಿಗೆ ಹತ್ತರ ಲೆಕ್ಕದಲ್ಲಿ ಬಿದ್ದವು. ಮರುವರ್ಷ ಕಂಪನಿಯ ಲಾಭ ಸುಮಾರು 8 ಸಾವಿರ ಕೋಟಿ. ಸುಂಕ ನೆಪ, ಅದಿಲ್ಲದಿದ್ದರೂ ಉಕ್ಕಿನ ಬೆಲೆ ಶಿಖರದಲ್ಲಿ ನಿಲ್ಲುತ್ತಿರಲಿಲ್ಲ. ಏರಿಳಿತದ ಉದ್ಯಮಗಳಲ್ಲಿ ಲಾಭ ಉಕ್ಕಿ ಹರಿಯುವಾಗ ಪಿಇ ಕಡಿಮೆ ಕಾಣುತ್ತದೆ, ಲಾಭವೇ ಇಲ್ಲದ ತಳದಲ್ಲಿ ಅದೇ ಪಿಇ ನೂರೋ ಇನ್ನೂರೋ ತೋರಿಸಿ ಹೆದರಿಸುತ್ತದೆ. ಕೊಳ್ಳುವ ಹೊತ್ತು ಎರಡನೆಯದು.

ಸರದಿ ಯಾವಾಗಲೂ ಇದೇ ಕ್ರಮದಲ್ಲಿ ಬರುತ್ತದೆಯೇ ಎಂದರೆ ಇಲ್ಲ. 2020 ಅದಕ್ಕೆ ಸಾಕ್ಷಿ. ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಬಿತ್ತು, ರಿಸರ್ವ್ ಬ್ಯಾಂಕು ಎರಡು ತಿಂಗಳಲ್ಲಿ ರೆಪೊ ದರವನ್ನು ಶೇ 5.15ರಿಂದ 4ಕ್ಕೆ ಇಳಿಸಿತು. ಹಳೆಯ ನಕ್ಷೆಯ ಪ್ರಕಾರ ಬ್ಯಾಂಕುಗಳು ಎಲ್ಲಕ್ಕಿಂತ ಮೊದಲು ಏಳಬೇಕಿತ್ತು. ಆದರೆ ಸಾಲದ ಕಂತು ಕಟ್ಟದಿರಲು ಆಗಸ್ಟ್ ಕೊನೆಯವರೆಗೆ ವಿನಾಯಿತಿ ಇದ್ದುದರಿಂದ ಎಷ್ಟು ಸಾಲ ಮುಳುಗಿದೆ ಎಂದು ಬ್ಯಾಂಕಿನವರಿಗೇ ಗೊತ್ತಿರಲಿಲ್ಲ, ಅವು ಹಿಂದೆ ಬಿದ್ದವು. ಮೊದಲು ಎದ್ದದ್ದು ಔಷಧ ಕಂಪನಿಗಳು, ಹಿಂದೆಯೇ ನಮ್ಮ ಐಟಿ. ಇಡೀ ಜಗತ್ತು ಮನೆಯಿಂದ ಕೆಲಸ ಮಾಡತೊಡಗಿದಾಗ ಅದರ ತಂತ್ರಾಂಶದ ಕೆಲಸ ಬೆಂಗಳೂರಿಗೆ ಬಂತು. ಬ್ಯಾಂಕು ಮತ್ತು ಲೋಹ ಬಲವಾಗಿ ಏಳಲು ಆ ವರ್ಷದ ನವೆಂಬರ್ ಬರಬೇಕಾಯಿತು. ಹಿಂಜರಿತ ಯಾವುದರಿಂದ ಹುಟ್ಟಿತೋ ಅದರ ಮೇಲೆ ಚೇತರಿಕೆಯ ಕ್ರಮವೂ ನಿಂತಿರುತ್ತದೆ. ಬಡ್ಡಿಯಿಂದ ಹುಟ್ಟಿದ ಕಾಯಿಲೆಗೆ ಬಡ್ಡಿ ಇಳಿಸುವುದೇ ಮದ್ದು, ವೈರಸ್ಸಿನಿಂದ ಹುಟ್ಟಿದ್ದಕ್ಕೆ ಅಲ್ಲ.

ಹಾಗಾದರೆ ವಲಯದಿಂದ ವಲಯಕ್ಕೆ ಜಿಗಿದು ಎಷ್ಟು ಗಳಿಸಬಹುದು? ಜೆಫ್ರಿ ಸ್ಟಾಂಗಲ್, ಬೆನ್ ಜೇಕಬ್‌ಸನ್ ಮತ್ತು ನಟ್ಟಾವಟ್ ವಿಸಾಲ್ತನಚೋಟಿ ಎಂಬ ಮೂವರು ಸಂಶೋಧಕರು 1948ರಿಂದ 2007ರವರೆಗಿನ ಅಮೆರಿಕದ ಪೇಟೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಚಕ್ರದ ಪ್ರತಿ ತಿರುವನ್ನೂ ದೇವರಂತೆ ಮೊದಲೇ ಬಲ್ಲವನೊಬ್ಬ, ಪುಸ್ತಕದ ನಕ್ಷೆಯಂತೆ ವಲಯ ಬದಲಿಸುತ್ತ ಹೋಗಿದ್ದರೂ ಪೇಟೆಗಿಂತ ವರ್ಷಕ್ಕೆ ಹೆಚ್ಚೆಂದರೆ ಶೇ 2.3ರಷ್ಟು ಮಾತ್ರ ಹೆಚ್ಚು ಗಳಿಸುತ್ತಿದ್ದ. ಅದೂ ದಲ್ಲಾಳಿ ಖರ್ಚು ಕಳೆಯುವ ಮೊದಲು. ಒಂದೆರಡು ತಿಂಗಳು ಹೆಚ್ಚುಕಡಿಮೆಯಾದರೆ ಅದೂ ಕರಗುತ್ತದೆ. ನಮ್ಮಲ್ಲಿ ತೆರಿಗೆಯನ್ನೂ ಸೇರಿಸಿಕೊಳ್ಳಿ. 2024ರ ಜುಲೈ 23ರಿಂದ, ಒಂದು ವರ್ಷದೊಳಗೆ ಷೇರು ಅಥವಾ ಷೇರು ಫಂಡ್ ಮಾರಿದರೆ ಲಾಭದ ಶೇ 20 ತೆರಿಗೆ. ಒಂದು ವಲಯದ ಫಂಡಿನಿಂದ ಇನ್ನೊಂದಕ್ಕೆ 'ಸ್ವಿಚ್' ಒತ್ತುವುದೂ ಕಾನೂನಿನ ಕಣ್ಣಲ್ಲಿ ಮಾರಾಟವೇ. ಹಾಗಾಗಿ ಈ ಸರದಿಯ ತಿಳಿವಳಿಕೆಯನ್ನು ಜಿಗಿಯಲು ಬಳಸುವವರಿಗಿಂತ, ನಾಲ್ಕು ವರ್ಷ ಏರಿದ ವಲಯದ ಹೊಸ ಫಂಡ್ ಫಾರಂ ಮನೆಬಾಗಿಲಿಗೆ ಬಂದಾಗ ಪೆನ್ನು ಕೆಳಗಿಡಲು ಬಳಸುವವರು ಹೆಚ್ಚು ಉಳಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ದುಡ್ಡು ಕೊಟ್ಟು ಕಲಿತದ್ದು.

ಭಾವನ ಮಾತಿಗೆ ಬರೋಣ. 2009ರ ಮಳೆಗಾಲ ಮುಗಿಯುವ ಹೊತ್ತಿಗೆ ಲಾರಿಯ ಮೂಲೆಯ ಗೋಣಿ ತೆಗೆದರು. 2010ರಲ್ಲಿ ಎರಡನೇ ಪಾಳಿ, ಮರುವರ್ಷ ಮೂರನೆಯದು. ಗುಜರಿಯವನು ವಾರಕ್ಕೆ ಎರಡು ಸಲ ಬರತೊಡಗಿದ್ದ. ಅಷ್ಟಾದರೂ ಭಾವ ಹೊಸ ಯಂತ್ರ ಕೊಂಡಿರಲಿಲ್ಲ, ಹಿಂದಿನ ಏಟಿನ ನೆನಪಿತ್ತು. 2011ರ ಬೇಸಿಗೆಯಲ್ಲಿ ಲಾರಿ ಕಂಪನಿಯ ಖರೀದಿ ವಿಭಾಗದವರು, ಸಾಮರ್ಥ್ಯ ಹೆಚ್ಚಿಸಿಕೊಳ್ಳದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರಂತೆ. ಆಗ ಆರ್ಡರು ಕೊಟ್ಟರು. "ಬಡ್ಡಿ ಜಾಸ್ತಿ ಅಲ್ವಾ ಭಾವ?" ಅಂದೆ. "ಜಾಸ್ತಿನೇ ಕಣೋ. ಏನ್ಮಾಡ್ಲಿ, ಕೆಲಸ ಇರೋದೂ ಈಗ್ಲೇ ಅಲ್ವಾ" ಅಂದರು.

ಯಂತ್ರ ತಯಾರಿಸುವವರ ಕೈಯಲ್ಲೂ ಆಗ ಆರ್ಡರು ತುಂಬಿ ತುಳುಕುತ್ತಿತ್ತು, ತಿಂಗಳುಗಟ್ಟಲೆ ಕಾಯಬೇಕಾಯಿತು. ಅದು ಬಂದದ್ದು 2012ರಲ್ಲಿ. ಆ ಹಣಕಾಸು ವರ್ಷ ದೇಶದಲ್ಲಿ ಮಧ್ಯಮ ಮತ್ತು ಭಾರಿ ಲಾರಿಗಳ ಮಾರಾಟ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಕುಸಿಯಿತು. ನಾನು ಆಯುಧಪೂಜೆಗೆ ಹೋದಾಗ ಹೊಸ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದರು. ಬಾಗಿಲ ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ಪಕ್ಕದ ಮೇಜಿನ ಮೇಲೆ ಕುಂಕುಮದ ಬಟ್ಟಲಿನ ಕೆಳಗೆ ಶೆಡ್ಯೂಲ್ ಹಾಳೆ ಇತ್ತು. ನಾಲ್ಕು ಮನೆಗಳಲ್ಲಿ ಎರಡು ಸೊನ್ನೆ.